ಲ್ಯಾಪ್‌ಟಾಪ್ ಕಥೆಗಳು, ಭಾಗ 6: ಬೈಯೋ ಮುಂಚೆ ಹತ್ತು ನಿಮಿಷ

ನೆಟ್ ಸ್ಲೋ ಅಂತ ವೈಫೈನವರಿಗೆ ಫೋನ್ ಮಾಡಿ ಜಗಳ ಆಡಿದೋಳು ನಾನೇ. ತಪ್ಪು ಅವರದಲ್ಲ, ನನ್ನ ಲ್ಯಾಪ್‌ಟಾಪ್ ಒಳಗಿದ್ದ ಆಂಟಿವೈರಸ್‌ದು.

ನಮ್ಮನೇಲಿ 40 ಎಂಬಿಪಿಎಸ್ ಪ್ಲಾನ್. ಎಂಟರಿಂದ ಭಾಗಿಸಿದ್ರೆ ಸೆಕೆಂಡಿಗೆ 5 ಎಂಬಿ. ಅಂದ್ರೆ 350 ಎಂಬಿ ಫೈಲು ಒಂದು ನಿಮಿಷ ಚಿಲ್ಲರೆಗೆ ಬರಬೇಕು. ನಂಗೆ ಬಂದಿದ್ದು ನಾಲ್ಕು ನಿಮಿಷ ದಾಟಿ. ಅದೇ ಜಾಗದಲ್ಲಿ ತಮ್ಮನ ಫೋನಲ್ಲಿ ಸರಿಯಾಗೇ ಇತ್ತು.

ಆಗೋದೇನಂದ್ರೆ, https ಸೈಟಿಂದ ಬರೋದು ಬೀಗ ಹಾಕಿದ ಪೆಟ್ಟಿಗೆ ಇದ್ದಂಗೆ. ಕೆಲವು ಆಂಟಿವೈರಸ್‌ಗಳು ನಿಮ್ಮ ಕಂಪ್ಯೂಟರಲ್ಲಿ ತಮ್ಮದೇ ಸರ್ಟಿಫಿಕೇಟ್ ಕೂರಿಸಿ, ಮಧ್ಯದಲ್ಲಿ ನಿಂತು ಬೀಗ ತೆಗೆದು, ಒಳಗೆಲ್ಲ ನೋಡಿ, ತಮ್ಮ ಬೀಗ ಹಾಕಿ ಬ್ರೌಸರಿಗೆ ಕೊಡ್ತವೆ. ಹಳೇ ಪ್ರೊಸೆಸರ್‌ಗೆ ಇದು ಭಾರ.

ನಿಮ್ದು ಹಂಗೆ ಮಾಡ್ತಿದ್ಯಾ ನೋಡಿ. ಕ್ರೋಮಲ್ಲಿ ಫೈಲ್ ಇರೋ ಸೈಟ್ ತೆಗೆದು, ಅಡ್ರೆಸ್ ಪಕ್ಕದ ಗುರುತು ಒತ್ತಿ, Connection is secure, ಆಮೇಲೆ ಸರ್ಟಿಫಿಕೇಟ್. ಅಲ್ಲಿ Issued By ಕೆಳಗೆ ಆಂಟಿವೈರಸ್ ಹೆಸರೇ ಇದ್ರೆ ಮಧ್ಯ ನಿಂತಿರೋದು ಅದೇ. ಬ್ಯಾಂಕ್ ಸೈಟಲ್ಲಿ ನೋಡ್ಬೇಡಿ, ಎಷ್ಟೋ ಆಂಟಿವೈರಸ್ ಅವನ್ನ ಬಿಟ್ಬಿಡ್ತವೆ.

ಈಗ ಪರೀಕ್ಷೆ. ನಂಬಿಕಸ್ತ ಸೈಟಿನ ಒಂದೇ ಫೈಲು (ನಾನು ತಗೊಂಡಿದ್ದು ಲಿಬ್ರೆ ಆಫೀಸ್), ಒಂದೇ ಜಾಗ, ಬೇರೆ ಯಾರೂ ವಿಡಿಯೋ ನೋಡದೇ ಇರೋ ಹೊತ್ತು. ಮೊದಲು ಹಂಗೇ ಇಳಿಸಿ ಟೈಮ್ ಬರ್ಕೊಳ್ಳಿ, ಜೊತೆಗೆ Task Manager ತೆಗೆದಿಟ್ಟು ಆಂಟಿವೈರಸ್ ಸಿಪಿಯು ಎಷ್ಟು ತಿಂತಿದೆ ನೋಡಿ. ಆಮೇಲೆ ಅದರ ಸೆಟ್ಟಿಂಗ್ಸಲ್ಲಿ HTTPS scanning ಥರದ್ದು ಹುಡುಕಿ ಅದೊಂದನ್ನೇ ಆಫ್ ಮಾಡಿ, ಬ್ರೌಸರ್ ಪೂರ್ತಿ ಮುಚ್ಚಿ ತೆಗೆದು, ಮತ್ತೆ ಇಳಿಸಿ. ಆಮೇಲೆ ಆನ್ ಮಾಡಿ ಮೂರನೇ ಸಲ. ಈ ಮೂರನೇ ಸಲ ಬಿಡಬೇಡಿ. ಆಫ್ ಮಾಡಿದ ಹೊತ್ತಿಗೇ ನೆಟ್ ತಾನಾಗೇ ಚುರುಕಾಗಿರಬಹುದಲ್ವಾ?

ನಂಗೆ 4:10, 1:18, 4:02 ಬಂತು. ಇನ್ನೇನು ಸಾಕ್ಷಿ ಬೇಕು!

ಮೂರೂ ಹೆಚ್ಚುಕಮ್ಮಿ ಒಂದೇ ಬಂದ್ರೆ ಆಂಟಿವೈರಸ್ ನಿರಪರಾಧಿ, ವೈಫೈ ನೋಡಿ. ವಿಂಡೋಸ್ ಜೊತೆ ಬರೋ ಫೈರ್‌ವಾಲ್ ಮುಟ್ಟೋದು ವೇಸ್ಟ್. ಅದು ಯಾವ ಕನೆಕ್ಷನ್ ಬಿಡಬೇಕು, ಯಾವುದು ಬೇಡ ಅಂತಷ್ಟೇ ನೋಡುತ್ತೆ, ಬೀಗ ತೆಗೆಯಲ್ಲ. ಕಾಲೇಜ್ ನೆಟ್‌ವರ್ಕಿನ ಫೈರ್‌ವಾಲ್ ತೆಗೆಯಬಹುದು, ಆದ್ರೆ ಅದರ ಸ್ವಿಚ್ ನಮ್ಮ ಕೈಲಿಲ್ಲ.

'ಆಂಟಿವೈರಸ್ಸೇ ಕಿತ್ತಾಕು' ಅನ್ನೋ ಸೀನಿಯರ್ಸ್ ಮಾತು ನಂಗೆ ಒಪ್ಪಿಗೆ ಇಲ್ಲ. ಹಾಗಂತ ಪ್ರತಿ ಪೆಟ್ಟಿಗೆ ಎರಡೆರಡು ಸಲ ಬಿಚ್ಚೋದೂ ಬೇಕಿಲ್ಲ. ಫೈಲ್ ಡಿಸ್ಕಿಗೆ ಬಿದ್ದಾಗ ಅದನ್ನ ಪರೀಕ್ಷೆ ಮಾಡೋ ಭಾಗ ಬೇರೆ, ಅದು ಓಡ್ತಾನೇ ಇರಬೇಕು. ನಾನು https ಸ್ಕ್ಯಾನ್ ಮಾತ್ರ ಆಫ್ ಇಟ್ಟಿದೀನಿ. ಸೈಟಲ್ಲೇ ತಡೆಯೋ ಒಂದು ಪದರ ಕಮ್ಮಿ ಆಯ್ತು, ಗೊತ್ತು. ಕ್ರ್ಯಾಕ್ಡ್ ಸಾಫ್ಟ್‌ವೇರ್ ಹುಡುಕೋ ಮಹಾನುಭಾವರು ಆನ್ ಇಟ್ಕೊಳ್ಳಿ, ಪ್ಲೀಸ್.

ನಿಮ್ಮ ಮೂರು ಟೈಮ್ ಕಾಮೆಂಟಲ್ಲಿ ಹಾಕಿ. ನಾನು ವೈಫೈ ಅಣ್ಣಂಗೆ ಸಾರಿ ಮೆಸೇಜ್ ಹಾಕ್ಬೇಕು.