ಬಾಡಿಗೆದಾರನಿಗೆ ಕಾನೂನು ಹೇಳುವುದು ಜಾಹೀರಾತಲ್ಲ

ಬಾಡಿಗೆದಾರನ ಹಕ್ಕುಗಳನ್ನು ತಿಳಿಗನ್ನಡದಲ್ಲಿ ಹತ್ತು ಸಾಲು ಬರೆದು ಮೊಬೈಲಿನಲ್ಲಿ ಹಂಚಿದ ಯುವ ವಕೀಲನನ್ನು, ವೃತ್ತಿಯ ಘನತೆಯನ್ನು ಸಂತೆಗಿಳಿಸಿದವನೆಂದು ನಿಂದಿಸುವ ಹಿರಿಯರು ನ್ಯಾಯಾಲಯಗಳ ಆವರಣದಲ್ಲಿ ಹೆಚ್ಚುತ್ತಿರುವರು. ಅಂತರ್ಜಾಲದ ಸೇವಾಪಟ್ಟಿಗಳಲ್ಲಿ ವಕೀಲರನ್ನು ಸರಕಿನಂತೆ ತೋರಿಸುವುದನ್ನು ಮದರಾಸು ಉಚ್ಚ ನ್ಯಾಯಾಲಯವು 2024ರ ಜುಲೈನಲ್ಲಿ ಖಂಡಿಸಿದುದನ್ನೂ, ಪ್ರಚಾರದ ವಿಡಿಯೊಗಳ ವಿರುದ್ಧ ಭಾರತೀಯ ವಕೀಲರ ಪರಿಷತ್ತು 2025ರ ಮಾರ್ಚ್‌ನಲ್ಲಿ ಎಚ್ಚರಿಕೆ ಕೊಟ್ಟುದನ್ನೂ ಮುಂದೊಡ್ಡಿ, ವಕೀಲನು ಕಕ್ಷಿದಾರನ ಕಿವಿಯಲ್ಲಲ್ಲದೆ ಬೇರೆಲ್ಲಿಯೂ ಬಾಯಿ ತೆರೆಯಕೂಡದೆಂದು ಇವರು ವಾದಿಸುವರು. ಇದು ಅನ್ಯಾಯದ ವಾದ.

ಪರಿಷತ್ತಿನ 36ನೆಯ ನಿಯಮವನ್ನು ಇವರು ಓದಿರುವರೇ? ಸುತ್ತೋಲೆ, ಜಾಹೀರಾತು, ದಲ್ಲಾಳಿ, ವೈಯಕ್ತಿಕ ಪತ್ರ, ತಾನು ನಡೆಸುವ ಮೊಕದ್ದಮೆಯ ಸಂಬಂಧದಲ್ಲಿ ಪತ್ರಿಕೆಯಲ್ಲಿ ಬರುವ ಭಾವಚಿತ್ರ, ಇವುಗಳ ಮೂಲಕ ಕೆಲಸವನ್ನು ಯಾಚಿಸುವುದನ್ನು ಅದು ನಿಷೇಧಿಸುತ್ತದೆ. ನಾಮಫಲಕದ ಗಾತ್ರವನ್ನು ಸಹ ಮಿತಿಗೊಳಪಡಿಸಿ, ಇಂಥ ಕೆಲಸದಲ್ಲಿ ತಜ್ಞನೆಂದು ಅದರಲ್ಲಿ ಹೇಳಿಕೊಳ್ಳಬಾರದೆನ್ನುತ್ತದೆ. 2008ರ ತಿದ್ದುಪಡಿಯ ಬಳಿಕ ವಕೀಲನು ಸ್ವಂತ ಜಾಲತಾಣದಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ವೃತ್ತಿಕ್ಷೇತ್ರಗಳನ್ನು ತಿಳಿಸಬಹುದು. ಸಂಸತ್ತು ಮಾಡಿದ ಕಾನೂನನ್ನು ಜನರಿಗೆ ಅರ್ಥಮಾಡಿಸಬಾರದೆಂಬ ಒಂದು ಶಬ್ದವೂ ಅಲ್ಲಿಲ್ಲ.

ವಾಡಿಯ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನನ್ನೋ, ಶಹಾಬಾದಿನ ಫರ್ಶಿ ಗಣಿಯಲ್ಲಿ ದುಡಿಯುವವನನ್ನೋ ಕಲ್ಪಿಸಿಕೊಳ್ಳಿರಿ. ಬಾಯಿಮಾತಿನ ಒಪ್ಪಂದದಲ್ಲಿ ತಿಂಗಳಿಗೆ 2,500 ರೂಪಾಯಿಗೆ ಒಂದು ಕೋಣೆ ಹಿಡಿದು, ಬಾಡಿಗೆಯನ್ನು ತಪ್ಪದೆ ತೆರುತ್ತಿದ್ದಾನೆ. ಹೆಚ್ಚು ಕೊಡುವ ಮತ್ತೊಬ್ಬನು ಸಿಕ್ಕೊಡನೆ ಮಾಲೀಕನು ಭಾನುವಾರದೊಳಗೆ ಖಾಲಿ ಮಾಡೆನ್ನುತ್ತಾನೆ; ಸೋಮವಾರ ಕಾರ್ಮಿಕನು ಪಾಳಿ ಮುಗಿಸಿ ಬರುವಷ್ಟರಲ್ಲಿ ಬಾಗಿಲಿಗೆ ಬೇರೆ ಬೀಗ ಬಿದ್ದಿದೆ. ಕರಾರುಪತ್ರವೇ ಇಲ್ಲವಾದ್ದರಿಂದ ತನಗೆ ಯಾವ ಹಕ್ಕೂ ಇಲ್ಲವೆಂದು ನಂಬಿ ಅವನು ಸಾಮಾನು ಹೊತ್ತು ಹೊರಡುತ್ತಾನೆ.

ಆ ನಂಬಿಕೆಯೇ ತಪ್ಪು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 106ನೆಯ ಪ್ರಕರಣದಂತೆ, ವಿರುದ್ಧವಾದ ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಇಲ್ಲದೆಡೆ, ವಾಸದ ಬಾಡಿಗೆಯು ತಿಂಗಳಿಂದ ತಿಂಗಳಿಗೆ ನಡೆಯತಕ್ಕದ್ದು. ಅದನ್ನು ಕೊನೆಗಾಣಿಸಲು ಸಹಿ ಮಾಡಿದ ಲಿಖಿತ ನೋಟೀಸನ್ನು ಕೊಟ್ಟು 15 ದಿನ ಕಾಯಬೇಕು. ನೋಟೀಸಿನ ಅವಧಿ ಮುಗಿದರೂ ಒಪ್ಪದ ಬಾಡಿಗೆದಾರನನ್ನು ಹೊರಹಾಕಲು ಮಾಲೀಕನು ನ್ಯಾಯಾಲಯಕ್ಕೆ ಹೋಗಬೇಕೇ ಹೊರತು ಬೀಗ ಬದಲಿಸಲಾಗದು. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಅನ್ವಯಿಸುವ ಕಟ್ಟಡಗಳಲ್ಲಂತೂ ತೆರವಿಗೆ ಕಾನೂನು ಹೇಳಿದ ಕಾರಣವೇ ಬೇಕು.

ಇನ್ನು ಮುಖ್ಯವಾದ ಸಂಗತಿ. ಬಲಾತ್ಕಾರದಿಂದ ಹೊರಹಾಕಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಪ್ರಕರಣದಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಮನೆ ಯಾರದೆಂಬ ಪ್ರಶ್ನೆಯನ್ನು ಅಲ್ಲಿ ವಿಚಾರಿಸುವುದಿಲ್ಲ, ಸ್ವಾಧೀನ ಯಾರಲ್ಲಿತ್ತು, ಅದನ್ನು ಕಾನೂನಿನ ಮಾರ್ಗ ಬಿಟ್ಟು ಕಿತ್ತುಕೊಂಡರೇ ಎಂಬುದಷ್ಟೇ ಪ್ರಶ್ನೆ. ಅವನ ಫೋನಿನಲ್ಲಿರುವ ಬಾಡಿಗೆ ಪಾವತಿಯ ದಾಖಲೆ, ಆ ವಿಳಾಸಕ್ಕೆ ಬಂದ ಕಾಗದ, ನೆರೆಯವರ ಸಾಕ್ಷ್ಯ, ಇವೇ ಅಲ್ಲಿ ಆಧಾರ. ಆದರೆ ದಾವೆಯನ್ನು ಆರು ತಿಂಗಳೊಳಗೆ ಹೂಡಬೇಕು. ಆರು ತಿಂಗಳು ಕಳೆದರೆ ಈ ಸುಲಭದ ದಾರಿ ಮುಚ್ಚಿತು. ವಕೀಲರು ಮೌನ ವಹಿಸಬೇಕೆನ್ನುವವರು ನನಗೆ ಇದೊಂದಕ್ಕೆ ಉತ್ತರ ಹೇಳಲಿ: ತನಗೆ ಆರು ತಿಂಗಳ ಗಡುವಿದೆಯೆಂದೇ ಅರಿಯದ ಮನುಷ್ಯನು ಯಾವ ಮೊಕದ್ದಮೆಗೆಂದು ವಕೀಲನನ್ನು ಹುಡುಕಿ ಬರಬೇಕು?

ನಮ್ಮ ಸೀಮೆಯ ದುರ್ದೈವವೂ ಇದರಲ್ಲಿ ಸೇರಿದೆ. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯೂ ಕೋರ್ಟೂ ಉರ್ದುವಿನಲ್ಲಿ ನಡೆದವು. ಈಗ ಉಚ್ಚ ನ್ಯಾಯಾಲಯವು ಕಲಬುರಗಿಗೇ ಬಂದಿದ್ದರೂ ಅದರ ತೀರ್ಪು ಇಂಗ್ಲಿಷಿನಲ್ಲಿದೆ. ಮಾನ್ಯಖೇಟವು ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ ಕನ್ನಡದ ಮೊದಲ ಲಕ್ಷಣಗ್ರಂಥವನ್ನು ಪಡೆದ ನೆಲದಲ್ಲಿ, ಹನ್ನೊಂದು ಶತಮಾನಗಳ ತರುವಾಯವೂ ಆಡಕಿಯ ರೈತನ ಮಗನು ತನ್ನ ಬಾಡಿಗೆ ಕೋಣೆಯ ಕಾನೂನನ್ನು ಪರಭಾಷೆಯಿಂದ ಬಿಡಿಸಿಕೊಳ್ಳಬೇಕಾಗಿದೆ. ಅದನ್ನು ಕನ್ನಡಕ್ಕೆ ತಂದವನ ಮೇಲೆ ಶಿಸ್ತುಕ್ರಮದ ಬೆದರಿಕೆ!

ಮಿತಿ ಬೇಡವೆಂದು ನಾನು ಹೇಳುವುದಿಲ್ಲ. ಆ ಮಿತಿ ಕಠಿನವಾಗಿಯೇ ಇರಲಿ. ಬರಹದಲ್ಲಿ ಪ್ರಕರಣದ ಸಂಖ್ಯೆಯಿರಲಿ, ಗಡುವಿರಲಿ, ಬಾಡಿಗೆದಾರನು ಬಾಡಿಗೆಯನ್ನು ತಪ್ಪದೆ ಕೊಡಬೇಕೆಂಬುದೂ, ಸ್ವಾಧೀನ ಮರಳಿ ಸಿಕ್ಕರೂ ಮಾಲೀಕನು ತೆರವಿನ ದಾವೆ ಹೂಡಬಲ್ಲನೆಂಬುದೂ ಇರಲಿ. ತಾನು ಗೆದ್ದ ಮೊಕದ್ದಮೆಯ ಕಥೆ, ಕಕ್ಷಿದಾರನ ಪ್ರಶಂಸೆ, ಶುಲ್ಕದ ರಿಯಾಯಿತಿ, ‘ಕೂಡಲೇ ಕರೆಮಾಡಿ’ ಎಂಬ ಸಾಲು, ಇವು ಬೇಡ. ಓದುಗನು ತನ್ನ ಸ್ವಂತ ವ್ಯಾಜ್ಯವನ್ನು ಬರೆದು ಕೇಳಿದರೆ ಅವನನ್ನು ತನ್ನ ಕಚೇರಿಗೆ ಕರೆಯದೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ದಾರಿ ತೋರಿಸಲಿ. 1987ರ ಅಧಿನಿಯಮದಂತೆ ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಕೈಗಾರಿಕಾ ಕಾರ್ಮಿಕರಿಗೂ ಅಲ್ಲಿ ಉಚಿತ ನೆರವುಂಟು. ಸೇಡಂ, ಚಿತ್ತಾಪುರ, ಚಿಂಚೋಳಿಯ ವಕೀಲರ ಸಂಘಗಳಿಗೆ ಯುವಕರ ಬರಹದ ಮೇಲೆ ಅಷ್ಟೊಂದು ಶಂಕೆಯಿದ್ದರೆ, ಆ ಆರು ತಿಂಗಳ ಗಡುವನ್ನು ಸಂಘದ ಹೆಸರಿನಲ್ಲಿಯೇ ಅಚ್ಚುಹಾಕಿಸಿ ಕಾರ್ಖಾನೆಯ ಗೇಟಿನಲ್ಲಿಯೂ ವಾಡಿ ಜಂಕ್ಷನ್ನಿನಲ್ಲಿಯೂ ಅಂಟಿಸಲಿ.