ಅಜ್ಜಿ ಫ್ರೇಮಿಂದ ಆಚೆ ಹೋಗಿದ್ರು

(1/4)
ಹಳೇ ಫೋಟೋ ಸರಣಿಯ ಮೂರನೇ ಪೋಸ್ಟ್ ಇದು. ಸ್ವಲ್ಪ ಉದ್ದ ಇದೆ, ಕಾಮೆಂಟಲ್ಲಿ ಮುಂದುವರಿಯುತ್ತೆ.

ನಮ್ಮ ತಾತನ ವರ್ಷದ ತಿಥಿಗೆ ಟಿವಿಯಲ್ಲಿ ಹಾಕೋಕೆ ಒಂದು ವಿಡಿಯೋ ಮಾಡು ಅಂತ ದೊಡ್ಡಪ್ಪ ಹೇಳಿದ್ರು. ಬಿಕಾಂ ಓದೋ ಹುಡುಗಿಗೆ ಎಡಿಟಿಂಗ್ ಬರುತ್ತೆ ಅಂತ ಮನೇಲಿ ಯಾಕೆ ನಂಬಿದಾರೋ ಗೊತ್ತಿಲ್ಲ. ನಾನು 64 ಫೋಟೋ ತಗೊಂಡೆ, ಫೋನಲ್ಲಿ ಒಂದು ಟೆಂಪ್ಲೇಟ್‌ಗೆ ಹಾಕಿದೆ. ಒಂದೊಂದು ಫೋಟೋಗೆ ಎರಡು ಸೆಕೆಂಡ್, ಎಲ್ಲದಕ್ಕೂ ಜೂಮ್. ಹತ್ತು ನಿಮಿಷದಲ್ಲಿ ಕೆಲಸ ಮುಗೀತು.

ತಿಥಿಗೆ ನಾಲ್ಕು ದಿನ ಮುಂಚೆ ಅಜ್ಜಿಗೆ ತೋರಿಸಿದೆ. ಸುಮ್ನೆ ನೋಡಿದ್ರು. ಮುಗಿದ ಮೇಲೆ ಕೇಳಿದ್ದು ಇಷ್ಟೇ: "ಚೆನ್ನಾಗಿದೆ ಪುಟ್ಟಿ. ಆದ್ರೆ ನಾನೆಲ್ಲೂ ಇಲ್ವಲ್ಲೇ?"

ಇದ್ದಾರೆ ಅಂತ ವಾದ ಮಾಡಿ, ಮತ್ತೆ ಹಾಕಿ ನೋಡಿದೆ. ನಿಜವಾಗ್ಲೂ ಇರಲಿಲ್ಲ.

(2/4)
ಏನಾಗಿತ್ತು ಅಂದ್ರೆ, ನಮ್ಮನೇಲಿ 1974ರ ಒಂದು ಗ್ರೂಪ್ ಫೋಟೋ ಇದೆ. 8 ಇಂಚು ಅಗಲ, 6 ಇಂಚು ಎತ್ತರದ ಕಪ್ಪು ಬಿಳುಪು ಪ್ರಿಂಟ್. ಮಧ್ಯದಲ್ಲಿ ಕುರ್ಚಿ ಮೇಲೆ ಮುತ್ತಾತ, ಅವರ ಅಕ್ಕಪಕ್ಕ ಹಿರಿಯ ಗಂಡಸರು. ಹಿಂದಿನ ಸಾಲಲ್ಲಿ ನಿಂತವರು ಚಿಕ್ಕವರು ಮತ್ತು ಹೆಂಗಸರು. ಎಡತುದಿಯಲ್ಲಿ ತಾತ. ಬಲತುದಿಯಲ್ಲಿ, ಆಗಷ್ಟೇ ಮದುವೆಯಾಗಿ ಬಂದಿದ್ದ ಅಜ್ಜಿ.

ಟಿವಿ ಪರದೆ 16:9, ಆದ್ರೆ ಈ ಫೋಟೋ 4:3. ಪರದೆ ತುಂಬಬೇಕು ಅಂತ ಆ್ಯಪ್ ಮೊದಲು ಮೇಲೆ ಮುಕ್ಕಾಲು ಇಂಚು, ಕೆಳಗೆ ಮುಕ್ಕಾಲು ಇಂಚು ಕತ್ತರಿಸಿತು. ಅಂದ್ರೆ ಫೋಟೋದ ಕಾಲು ಭಾಗ ಅಲ್ಲೇ ಹೋಯ್ತು. ಆಮೇಲೆ ಮಧ್ಯಕ್ಕೆ 130% ಜೂಮ್ ಮಾಡಿತು. ಆಗ ಎಡ ಬಲ ಎರಡೂ ಕಡೆ ಹೆಚ್ಚುಕಡಿಮೆ ಒಂದೊಂದು ಇಂಚು ಆಚೆ. ತಾತನ ತಿಥಿ ವಿಡಿಯೋದಲ್ಲಿ ತಾತನೂ ಇಲ್ಲ, ಅಜ್ಜಿಯೂ ಇಲ್ಲ! ಉಳಿದಿದ್ದು ಮುತ್ತಾತನ ಕೋಟಿನ ಗುಂಡಿ.

ಇದು ಬರೀ ನನ್ನ ಫೋಟೋ ಕಥೆ ಅಲ್ಲ. ನಿಮ್ಮನೆ ಗ್ರೂಪ್ ಫೋಟೋನೂ ಒಂದ್ಸಲ ನೋಡಿ. ಮಧ್ಯದಲ್ಲಿ ಕೂತಿರೋದು ಯಾರು, ಅಂಚಲ್ಲಿ ನಿಂತಿರೋದು ಯಾರು? ಮಧ್ಯಕ್ಕೇ ಹೋಗೋ ಜೂಮ್, ಆ ಕಾಲದ ಕುರ್ಚಿ ಲೆಕ್ಕವನ್ನೇ ಇನ್ನೊಂದ್ಸಲ ಹೇಳುತ್ತೆ. ಅದಕ್ಕೇ ನಾನು ಹೇಳೋದು, ನೆನಪಿನ ವಿಡಿಯೋದಲ್ಲಿ ಚಲನೆಯನ್ನ ಆ್ಯಪ್‌ಗೆ ಬಿಡಬಾರದು. ಎಲ್ಲಿಂದ ಶುರು, ಎಲ್ಲಿ ನಿಲ್ಲಬೇಕು ಅನ್ನೋದನ್ನ ಮನೆಯವರು ಯಾರಾದ್ರೂ ಕೂತು ತೀರ್ಮಾನ ಮಾಡ್ಬೇಕು.

ಈ ತಂತ್ರಕ್ಕೆ ಕೆನ್ ಬರ್ನ್ಸ್ ಎಫೆಕ್ಟ್ ಅಂತ ಹೆಸರು. ಅಮೆರಿಕದ ಈ ಸಾಕ್ಷ್ಯಚಿತ್ರ ನಿರ್ದೇಶಕರು 1990ರಲ್ಲಿ 'ದಿ ಸಿವಿಲ್ ವಾರ್' ಅನ್ನೋ ಸರಣಿ ಮಾಡಿದ್ರು. ಆ ಯುದ್ಧ ನಡೆದಿದ್ದು 1860ರ ದಶಕದಲ್ಲಿ. ಆಗ ಫೋಟೋ ಇತ್ತು, ಸಿನಿಮಾ ಕ್ಯಾಮೆರಾ ಇರಲಿಲ್ಲ. ಹಾಗಾಗಿ ನಿಂತ ಫೋಟೋಗಳ ಮೇಲೇ ಕ್ಯಾಮೆರಾ ನಿಧಾನಕ್ಕೆ ಓಡಾಡಿತು. ಅವರೇ ಮೊದಲಿಗರಲ್ಲ. 1957ರಲ್ಲೇ ಕೆನಡಾದ 'ಸಿಟಿ ಆಫ್ ಗೋಲ್ಡ್' ಹೀಗೆ ಮಾಡಿತ್ತು. ಆದ್ರೆ ಅಲ್ಲೆಲ್ಲ ಈ ಫೋಟೋದಲ್ಲಿ ಯಾರನ್ನ ನೋಡಬೇಕು ಅಂತ ಒಬ್ಬ ಮನುಷ್ಯ ಯೋಚನೆ ಮಾಡಿದ್ದ. ಟೆಂಪ್ಲೇಟಲ್ಲಿ ಇಲ್ಲದೇ ಇರೋದು ಅದೊಂದೇ.

(3/4)
ಸರಿ, ಮತ್ತೆ ಮಾಡೋಕೆ ಕೂತೆ. ಅಂಚಲ್ಲಿರೋ ಮುಖ ಹತ್ತಿರದಿಂದ ತೋರಿಸೋಣ ಅಂತ ಜೂಮ್ ಮಾಡಿದ್ರೆ ಮುಖ ಪೂರ್ತಿ ಮಸುಕು. ತಪ್ಪು ನಂದೇ. ಫೈಲ್ ಚಿಕ್ಕದಾಗಲಿ ಅಂತ 200 ಡಿಪಿಐಗೆ ಸ್ಕ್ಯಾನ್ ಮಾಡಿಸಿದ್ದೆ. ಡಿಪಿಐ ಅಂದ್ರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಅಂತ. ಫೋಟೋದ 4 ಇಂಚು ಅಗಲವನ್ನ ಪರದೆ ತುಂಬ ತೋರಿಸ್ಬೇಕು ಅಂದ್ಕೊಳ್ಳಿ. ನನ್ನ ಹತ್ರ ಇದ್ದಿದ್ದು 800 ಚುಕ್ಕಿ, ಫುಲ್ ಎಚ್‌ಡಿ ವಿಡಿಯೋಗೆ ಬೇಕಾಗಿದ್ದು 1920. ಇಲ್ಲದ ಚುಕ್ಕಿಯನ್ನ ಆ್ಯಪ್ ಎಳೆದು ಹಿಗ್ಗಿಸುತ್ತೆ, ಅದೇ ಮಸುಕು. 600 ಡಿಪಿಐಗೆ ಮತ್ತೆ ಸ್ಕ್ಯಾನ್ ಮಾಡಿದಾಗ ಅದೇ 4 ಇಂಚಿಗೆ 2400 ಚುಕ್ಕಿ ಸಿಕ್ತು. ಮುಖ ಸ್ಪಷ್ಟ.

ಹಾಗಂತ ಡಿಪಿಐ ಏರಿಸ್ತಾನೇ ಹೋದ್ರೆ ಲಾಭ ಇಲ್ಲ. ಪ್ರಿಂಟಲ್ಲೇ ಇಲ್ಲದ ವಿವರ ಸ್ಕ್ಯಾನರಿಗೆ ಎಲ್ಲಿಂದ ಬರುತ್ತೆ? ಕೆಲವು ಹಳೇ ಫೋಟೋಗಳ ಕಾಗದ ಮುಟ್ಟಿದ್ರೆ ಸಣ್ಣ ಸಣ್ಣ ಗುಳಿಗಳ ಹಾಗೆ ತರಿತರಿ ಇರುತ್ತೆ. ಅಂಥದ್ದರಲ್ಲಿ ಜೂಮ್ ಜಾಸ್ತಿ ಆದಷ್ಟೂ ಮುಖಕ್ಕಿಂತ ಆ ಗುಳಿಗಳೇ ಎದ್ದು ಕಾಣುತ್ತೆ. ಅಲ್ಲಿ ದೂರ ನಿಲ್ಲೋದೇ ವಾಸಿ.

ಇನ್ನು ಚಲನೆ. ಎಡಿಟಿಂಗ್ ಆ್ಯಪಲ್ಲಿ ಕೀಫ್ರೇಮ್ ಅಂತ ಇರುತ್ತೆ. ಶುರುವಲ್ಲಿ ಚೌಕಟ್ಟು ಎಲ್ಲಿರಬೇಕು ಅಂತ ಒಂದು ಗುರುತು, ಕೊನೆಯಲ್ಲಿ ಎಲ್ಲಿರಬೇಕು ಅಂತ ಇನ್ನೊಂದು. ನಡುವಿನ ದಾರಿ ಆ್ಯಪ್ ನೋಡ್ಕೊಳ್ಳುತ್ತೆ. ಗ್ರೂಪ್ ಫೋಟೋಗೆ ನಾನು ಮೊದಲ ಗುರುತನ್ನ ಎಡತುದಿಯ ತಾತನ ಮೇಲೆ ಇಟ್ಟೆ, ಎರಡನೇದು ಬಲತುದಿಯ ಅಜ್ಜಿ ಮೇಲೆ. ಜೂಮ್ ಎರಡೂ ಕಡೆ ಒಂದೇ, ಬರೀ ಅಡ್ಡಕ್ಕೆ ಸರಿಯೋದು. ಮೊದಲು 5 ಸೆಕೆಂಡ್ ಕೊಟ್ಟೆ. ಟಿವಿಯಲ್ಲಿ ಮುಖಗಳು ಬಸ್ಸಿನ ಕಿಟಕಿಯಾಚೆ ಇದ್ದಂಗೆ ಹಾರಿಹೋದ್ವು, ಅಂಚುಗಳು ಅದುರಿದ್ವು. 12 ಸೆಕೆಂಡ್ ಕೊಟ್ಟಾಗ ಸರಿಹೋಯ್ತು. ಹಿಂದಿನ ಸಾಲಿನ ಒಬ್ಬೊಬ್ಬರ ಮುಖವನ್ನೂ ಗುರುತು ಹಿಡಿದು ಹೆಸರು ಹೇಳೋಷ್ಟು ಸಮಯ ಸಿಗಬೇಕು, ನನ್ನ ಅಳತೆ ಅದೇ. ಜೋರಾಗಿ ಹೆಸರು ಹೇಳ್ತಾ ನೋಡಿ, ಸಾಲದಿದ್ರೆ ಸೆಕೆಂಡ್ ಜಾಸ್ತಿ ಮಾಡಿ. ಅಜ್ಜಿ ಹತ್ರ ಬಂದ ಮೇಲೆ 2 ಸೆಕೆಂಡ್ ಪೂರ್ತಿ ನಿಲ್ಲಿಸಿದೆ. ಆಮೇಲೆ ಇಡೀ ಫೋಟೋ, ಅಂಚಿನ ಬಿಳಿ ಪಟ್ಟಿ ಸಮೇತ, ಅಲುಗಾಡದೆ 4 ಸೆಕೆಂಡ್. ಪಕ್ಕದಲ್ಲಿ ಕಪ್ಪು ಜಾಗ ಬಂದ್ರೆ ಬರಲಿ ಬಿಡಿ.

ಒಬ್ಬರೇ ಇರೋ ಫೋಟೋಗಳಿಗೆ ಇಷ್ಟು ಓಡಾಟ ಬೇಡ. 8 ಸೆಕೆಂಡಲ್ಲಿ 100ರಿಂದ 110% ಸಾಕು, ಆದ್ರೆ ಗುರಿ ಫೋಟೋದ ಮಧ್ಯ ಅಲ್ಲ, ಕಣ್ಣು. ಜೂಮ್ ಆಗ್ತಿದೆ ಅಂತ ನೋಡೋರಿಗೆ ಗೊತ್ತಾದ್ರೆ ಅದು ಜಾಸ್ತಿ ಆಗಿದೆ ಅಂತಾನೇ ಅರ್ಥ.

(4/4)
64 ಫೋಟೋ 18ಕ್ಕೆ ಇಳೀತು. ಚಿಕ್ಕಪ್ಪಂಗೆ ಬೇಜಾರಾಯ್ತು, ಅವರ ಮದುವೆ ಫೋಟೋ ಒಂದೇ ಉಳಿದಿತ್ತು. ನನ್ನ ಫ್ರೆಂಡ್ ನೋಡಿ "ಸ್ಲೋ ಆಯ್ತು ಕಣೇ, ರೀಲ್ ಆಗಿದ್ರೆ ಎಲ್ರೂ ಸ್ಕ್ರಾಲ್ ಮಾಡ್ತಿದ್ರು" ಅಂದ್ಳು. ನಿಜ ಇರಬಹುದು. ಆದ್ರೆ ಇದು ಸ್ಕ್ರಾಲ್ ಮಾಡೋರಿಗೆ ಮಾಡಿದ್ದಲ್ಲ.

ತಿಥಿ ದಿನ ಊಟ ಆದ್ಮೇಲೆ ಹಾಲಲ್ಲಿ ಹಾಕಿದ್ವಿ. ಆ ಸಾಲು ಸರೀತಾ ಇದ್ದಾಗ ಅಜ್ಜಿ ಒಬ್ಬೊಬ್ಬರದೇ ಹೆಸರು ಹೇಳೋಕೆ ಶುರು ಮಾಡಿದ್ರು. ಅದರಲ್ಲಿ ಇಬ್ಬರ ಹೆಸರು ನಮ್ಮಪ್ಪಂಗೂ ಗೊತ್ತಿರಲಿಲ್ಲ. ಕೊನೆಗೆ ಅವರ ಮುಖದ ಹತ್ರ ನಿಂತಾಗ, "ಇದು ನಾನು. ಆ ಸೀರೆ ನಂದಲ್ಲ ಕಣೇ, ನಮ್ಮತ್ತೇದು. ಫೋಟೋಗೆ ಅಂತ ಉಡಿಸಿದ್ರು" ಅಂದ್ರು. ಐವತ್ತು ವರ್ಷ ಗೋಡೆ ಮೇಲಿದ್ದ ಫೋಟೋ ಅದು. ಸೀರೆ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆ ಇಬ್ಬರ ಹೆಸರನ್ನ ಅವತ್ತೇ ಬರೆದಿಟ್ಕೊಂಡೆ.

ನಿಮ್ಮನೆ ಗ್ರೂಪ್ ಫೋಟೋದ ಬಲತುದಿಯಲ್ಲಿ ನಿಂತಿರೋದು ಯಾರು? ಗೊತ್ತಿದ್ರೆ ಕಾಮೆಂಟಲ್ಲಿ ಹೇಳಿ. ಗೊತ್ತಿಲ್ಲ ಅಂದ್ರೆ ಮೊದಲು ಮನೇಲಿ ಕೇಳ್ಕೊಂಡು ಬನ್ನಿ.

#ಹಳೇಫೋಟೋ #ನಮ್ಮಜ್ಜಿ #ಕನ್ನಡಕ್ಯಾಪ್ಷನ್