ಹನ್ನೊಂದಕ್ಕ ಅಡಿಗಿ ಮುಗಿಸೋದು ಜಾಣತನ ಅಲ್ಲ

ನಮ್ಮ ಹೊಸಪೇಟೆ ಕಡೆ ಹಬ್ಬದ ದಿನ ಹನ್ನೊಂದು ಗಂಟೆಕ್ಕ ಅಡಿಗಿ ಮುಗಿಸಿ ಕೈ ತೊಳಕೊಂಡಾಕಿಗೆ ಭಾಳ ಚುರುಕು ಅಂತಾರ. ನಾನು ಒಪ್ಪಂಗಿಲ್ಲ. ಊಟ ಒಂದಕ್ಕ ಇದ್ರ, ಹನ್ನೊಂದಕ್ಕ ಮುಗಿದದ್ದು ಎಲಿಗೆ ಬರೂದ್ರಾಗ ತಂಗಳಾಗಿರ್ತದ.

ಹೋದ ಯುಗಾದಿಗೆ ನಾನೂ ಹಂಗ ಮಾಡಿದ್ದೆ. ಸಂಡೂರು, ಕಂಪ್ಲಿಯಿಂದ 12 ಮಂದಿ ಬರೋರಿದ್ರು. ಬಿಸಿ ಮೆಣಸಿನಕಾಯಿ ಬಜ್ಜಿನ ಹಾಟ್‌ಬಾಕ್ಸಿಗೆ ತುಂಬಿ ಮುಚ್ಚಿಟ್ಟೆ. ಹಬೆ ಒಳಗ ನೀರಾಗಿ ಇಳಿದು, ತೆಗೆದಾಗ ಬಜ್ಜಿ ಒದ್ದಿ ಅರಿವಿಯಂಗ ಆಗಿದ್ವು. ಬಿಸಿ ಇತ್ತು, ಗರಿ ಇರ್ಲಿಲ್ಲ.

ಎಲ್ಲಾ ಅಡಿಗಿ ಒಂದೇ ಜಾತಿ ಅಲ್ಲ. ಹೋಳಿಗಿ ಕಟ್ಟಿನ ಸಾರು, ಎಣ್ಣೆಗಾಯಿ ಕಾದಷ್ಟೂ ರುಚಿ, ಮುಂಜಾನೆನ ಮಾಡ್ರಿ. ಕೋಸಂಬರಿ ಕಲಸಿಡ್ರಿ, ಆದ್ರ ಉಪ್ಪು, ನಿಂಬೆಹುಳಿ ಎಲಿ ಹಾಕೋ ಮುಂದ ಹಾಕ್ರಿ. ಮೊದಲೇ ಹಾಕಿದ್ರ ನೀರು ಬಿಡ್ತದ. ಕಾಯಾಕ ಆಗದವು ಅನ್ನ, ಹಪ್ಪಳ, ಬಜ್ಜಿ. ಹೋಳಿಗಿ ನಡುವಿಂದು: ಅರಿವಿ ಹಾಸಿದ ಬುಟ್ಟ್ಯಾಗ ಒಂದು ತಾಸು ಮೆತ್ತಗ ಇರ್ತದ.

ಹಂಗಾಗಿ ಎಲಿಯಿಂದ ಹಿಂದಕ್ಕ ಲೆಕ್ಕ ಹಾಕ್ರಿ. ನಂದು ಎರಡೇ ಒಲಿ. ತಲಿಗೆ ಎರಡರಂಗ 24 ಹೋಳಿಗಿ, ಒಂದಕ್ಕ ಎರಡು ನಿಮಿಷ ಅಂದ್ರ ಸುಮಾರು 50 ನಿಮಿಷ. ಅದಕ್ಕ ಹನ್ನೆರಡಕ್ಕ ತವಾ. 12.15ಕ್ಕ ಎರಡನೇ ಒಲಿ ಮ್ಯಾಲೆ ಒಂದು ಕೆಜಿ ಅಕ್ಕಿ ಕುಕ್ಕರ್. 12.35ಕ್ಕ ಅದನ್ನ ಇಳಿಸಿ, ಅದೇ ಒಲಿಗೆ ಸಾರು. ಕುಕ್ಕರಿಂದು ಸೀಟಿ ಎತ್ತಿ ಆವಿ ಬಿಡಬ್ಯಾಡ್ರಿ. ತಾನ ಇಳಿಯೂತನ ಅನ್ನ ಅರಳಿ ಬಿಸಿ ಇರ್ತದ. 12.50ಕ್ಕ ತವಾ ತೆಗೆದು ಎಣ್ಣಿ ಬಾಣಲಿ. ಎಣ್ಣಿ ತಿಳಿ ಇದ್ದಾಗ ಮೊದಲು ಹಪ್ಪಳ, ಎಲಿ ಬಿದ್ದ ಮ್ಯಾಲೆ ಬಜ್ಜಿ. ಹಿಟ್ಟಿಗೆ ಸೋಡಾ ಕೂಡ ಆಗ್ಲೇ.

"ಬೀಗರು ಹೊತ್ತಿಗೆ ಬರಂಗಿಲ್ಲಲ್ಲ ವೈನಿ" ಅಂತೀರಿ. ಖರೇ. ಅದಕ್ಕ ಗಡಿಯಾರ ನೋಡಬ್ಯಾಡ್ರಿ, ಬಸ್ ನೋಡ್ರಿ. ಸಂಡೂರಿಂದ ನಮ್ಮನಿಗೆ ಹತ್ತತ್ರ ಒಂದು ತಾಸು. "ಬಸ್ ಹತ್ತಿದ್ವಿ" ಅಂತ ಫೋನ್ ಬಂದ ಮ್ಯಾಲೆನ ತವಾ ಇಡ್ತೀನಿ. ಅವರು ಒಂದು ತಾಸು ತಡ ಆದ್ರ ನನ್ನ ಅನ್ನನೂ ಒಂದು ತಾಸು ತಡ, ಅಷ್ಟೇ.

ಇದರಾಗ ನಮ್ಮದೂ ಒಂದು ಪಾಲು ಐತಿ. ಎಲ್ಲಾರು ಉಂಡೆದ್ದ ಮ್ಯಾಲೆ ಅಡಿಗಿ ಮಾಡಿದಾಕಿ ಎರಡೂವರೆಕ್ಕ ಆರಿದ್ದು ತಿನ್ನೋದನ್ನ ಪದ್ಧತಿ ಅಂತಾರ. ಯಾರು ಮಾಡಿದ ಪದ್ಧತಿರಿ? ಈ ಸಲ ನಾನು ಆರು ಬಜ್ಜಿ ಹಿಟ್ಟು, ಒಂದು ಪಾವು ಅಕ್ಕಿ ಬ್ಯಾರೆ ತೆಗೆದಿಟ್ಟೆ. ಅವರು ಮಜ್ಜಿಗಿಗೆ ಬಂದಾಗ ಸಣ್ಣ ಕುಕ್ಕರ್ ಏರಿಸಿದೆ. ನಾನೂ, ನಮ್ಮ ಸೊಸಿನೂ ಬಿಸಿದು ಉಂಡ್ವಿ.